ಎಲೆಮರೆಯ ಹಸಿರು ಹಕ್ಕಿ ಕುಟ್ರುಹಕ್ಕಿಯೋ, ಗಿಳಿಯೋ? ಫೋಟೋದಲ್ಲಿ ಕೊಕ್ಕು ಮತ್ತು ಕೂತ ಭಂಗಿ ನೋಡಿ ಗುರುತಿಸುವ ಕ್ರಮ

ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ಗೆಳೆಯರು ನನಗೆ ಹಕ್ಕಿ ಫೋಟೋ ಕಳಿಸುತ್ತಿರುತ್ತಾರೆ. ಅದರಲ್ಲಿ ಪದೇ ಪದೇ ಬರುವ ತಪ್ಪು ಒಂದೇ. ಬಸರಿ ಮರದಲ್ಲೋ ಹಾಲುವಾಣದಲ್ಲೋ ಹಸಿರು ಹಕ್ಕಿ ಕೂತಿರುತ್ತದೆ, ಅರ್ಧ ಮೈ ಎಲೆಯ ಹಿಂದೆ ಇರುತ್ತದೆ, ಕೆಳಗೆ "ಗಿಳಿ ಸಿಕ್ತು" ಅಂತ ಬರೆದಿರುತ್ತಾರೆ. ದೊಡ್ಡದು ಮಾಡಿ ನೋಡಿದರೆ ಕುಟ್ರುಹಕ್ಕಿ. ಕುಟ್ರು ಅಂದುಕೊಂಡು ಕಳಿಸಿದ್ದು ಗಿಳಿಯಾಗಿದ್ದೂ ಇದೆ, ಆದರೆ ಕಡಿಮೆ.

ಇವರಿಗೆ ಹಕ್ಕಿ ಗೊತ್ತಿಲ್ಲ ಅಂತಲ್ಲ. ಕೊಕ್ಕು ಬೇರೆ ಅನ್ನುವುದು ಎಲ್ಲರಿಗೂ ಗೊತ್ತು. ಎಡವುವುದು ನೋಡುವ ಕ್ರಮದಲ್ಲಿ. ಮೊದಲು ಬಣ್ಣ ನೋಡುತ್ತಾರೆ. ಆಮೇಲೆ ಹಸಿರು ಇರುವಷ್ಟನ್ನೇ ಕತ್ತರಿಸಿ ದೊಡ್ಡದು ಮಾಡುತ್ತಾರೆ. ಕೊನೆಗೆ ಕೊಕ್ಕು ನೋಡುವ ಹೊತ್ತಿಗೆ ಮನಸ್ಸು ಗಿಳಿ ಅಂತ ತೀರ್ಮಾನಿಸಿ ಆಗಿರುತ್ತದೆ. ಕೆಳಗಿನ ಕ್ರಮದಲ್ಲಿ ಬಣ್ಣ ಕೊನೆಗೆ ಬರುತ್ತದೆ. ದಯವಿಟ್ಟು ಅದನ್ನು ಮೇಲಕ್ಕೆ ತರಬೇಡಿ.

## ಮೊದಲು ಯಾವ ಯಾವ ಹಕ್ಕಿಗಳ ನಡುವೆ ಗೊಂದಲ ಅಂತ ಗೊತ್ತಿರಲಿ

ಕಾಫಿ ತೋಟದಲ್ಲಿ ಜಾಸ್ತಿ ಕಾಣುವುದು ಬಿಳಿಕೆನ್ನೆಯ ಕುಟ್ರುಹಕ್ಕಿ. ಸುಮಾರು 23 ಸೆಂ.ಮೀ., ಅಂದರೆ ಮೈನಾದಷ್ಟು. ಇದಕ್ಕಿಂತ ಸ್ವಲ್ಪ ದೊಡ್ಡದು ಕಂದುತಲೆಯ ಕುಟ್ರುಹಕ್ಕಿ. ಇದು ಬಯಲುಸೀಮೆಯ ಕಡೆ ಜಾಸ್ತಿ. ಗುಬ್ಬಿಗಿಂತ ತುಸು ದೊಡ್ಡದಾದ ಕಂಚುಗಾರ ಕುಟ್ರುಹಕ್ಕಿ ಊರೊಳಗೂ ಇರುತ್ತದೆ. ಅಷ್ಟೇ ಗಾತ್ರದ, ಮುಖ ಕೆಂಪಾದ ಇನ್ನೊಂದು ಕುಟ್ರುಹಕ್ಕಿ ಘಟ್ಟದ ಕಾಡಿನಲ್ಲೂ ತೋಟಗಳಲ್ಲೂ ಇದೆ.

ಗಿಳಿಗಳಲ್ಲಿ ಊರು, ಹೊಲಗಳ ಕಡೆ ಕಾಣುವುದು ಗಂಡಿಗೆ ಗುಲಾಬಿ ಕೊರಳಪಟ್ಟಿ ಇರುವ ಮಾಮೂಲಿ ಗಿಳಿ. ಭತ್ತದ ಗದ್ದೆಗೆ ಗುಂಪಾಗಿ ಇಳಿಯುವುದು ಕೆಂದಲೆ ಗಿಳಿ. ಘಟ್ಟದ ತೋಟ, ಕಾಡಿನಲ್ಲಿ ಕೀರಲು ದನಿಯಲ್ಲಿ ಕೂಗುತ್ತಾ ಹಾರುವುದು ನೀಲಿರೆಕ್ಕೆ ಗಿಳಿ. ಇವು ಮೂರಲ್ಲದೆ ಪುಟ್ಟ ಚಿಟ್ಟುಗಿಳಿ ಬೇರೆ. ಅದು ನಮ್ಮ ನಿಯಮಗಳನ್ನೆಲ್ಲ ಸ್ವಲ್ಪ ಕೆಡಿಸುತ್ತದೆ. ಅದರ ಮಾತು ಆಮೇಲೆ.

ಮಾಮೂಲಿ ಗಿಳಿ ಸುಮಾರು 40 ಸೆಂ.ಮೀ. ಉದ್ದ, ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಬಾಲ. ಬಾಲ ಬಿಟ್ಟರೆ ಉಳಿಯುವ ಮೈ ಕುಟ್ರುಹಕ್ಕಿಯಷ್ಟೇ. ಎಲೆಯ ಹಿಂದೆ ಬಾಲ ಮುಚ್ಚಿಹೋದರೆ ಎರಡೂ ಒಂದೇ ಗಾತ್ರದ ಹಸಿರು ಮುದ್ದೆ. ಗೊಂದಲ ಹುಟ್ಟುವುದೇ ಇಲ್ಲಿ.

## ಬೇಕಾಗುವ ಸಾಮಾನು

ಹೆಚ್ಚೇನೂ ಬೇಡ. ಫೋಟೋವನ್ನು ದೊಡ್ಡದು ಮಾಡಿ ನೋಡಲು ಕಂಪ್ಯೂಟರ್ ಇದ್ದರೆ ಒಳ್ಳೆಯದು. ಫೋನಾದರೂ ಆಗುತ್ತದೆ, ಆದರೆ ಬೆಳಕು ಪೂರ್ತಿ ಏರಿಸಿ ನೆರಳಿನಲ್ಲಿ ಕೂತು ನೋಡಿ. ನೆಟ್ಟಗಿನ ಅಂಚಿರುವ ಒಂದು ಕಾಗದದ ತುಂಡು ಇಟ್ಟುಕೊಳ್ಳಿ, ಹಳೆಯ ಬಸ್ ಟಿಕೆಟ್ ಆದರೂ ಸಾಕು. ಅದರ ಉಪಯೋಗ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ. ಫೋಟೋ ತೆಗೆದವರು ನೀವೇ ಅಲ್ಲದಿದ್ದರೆ ಒಂದು ಚಿತ್ರ ಮಾತ್ರ ಇಸಿದುಕೊಳ್ಳಬೇಡಿ. ಹಿಂದೆ ಮುಂದೆ ತೆಗೆದದ್ದೆಲ್ಲ ಕಳಿಸಲು ಹೇಳಿ, ಮಸುಕಾದವನ್ನೂ ಸೇರಿಸಿ. ಮಸುಕಾದ ಚಿತ್ರದಲ್ಲೂ ಭಂಗಿ ಚೆನ್ನಾಗಿ ಕಾಣುತ್ತದೆ.

## ಹಂತ 1: ಫೋಟೋ ತೆಗೆಯುವಾಗಲೇ ಕೊಕ್ಕು ಪಕ್ಕದಿಂದ ಬರುವಂತೆ ನೋಡಿಕೊಳ್ಳಿ

ಹಕ್ಕಿ ಕಂಡ ಕೂಡಲೇ ಎರಡು ಮೂರು ಚಿತ್ರ ತೆಗೆದುಬಿಡಿ. ಅದು ಸಾಕ್ಷಿಗೆ. ಆಮೇಲೆ ನೀವು ಜಾಗ ಬದಲಿಸಿ. ಹತ್ತಿರ ಹೋಗುವ ಬದಲು ಪಕ್ಕಕ್ಕೆ ಸರಿಯಿರಿ. ಹಕ್ಕಿಯ ಮುಖದ ಹಿಂದೆ ಎಲೆಯ ಬದಲು ಆಕಾಶದ ಒಂದು ತುಣುಕು ಬರುವ ಜಾಗ ಹುಡುಕಿ. ಮೈ ಕಪ್ಪಾಗಿ ಬಂದರೂ ಪರವಾಗಿಲ್ಲ, ಕೊಕ್ಕಿನ ಅಂಚು ಸ್ಪಷ್ಟವಾಗಿ ಬರುತ್ತದೆ. ಈ ಎರಡು ಹಕ್ಕಿಗಳ ವಿಷಯದಲ್ಲಿ ಬಣ್ಣ ಬಂದ ಫೋಟೋಗಿಂತ ಅಂಚು ಬಂದ ಫೋಟೋ ಮೇಲು.

ಕ್ಯಾಮೆರಾ ಆದರೆ ಫೋಕಸ್ ಒಂದೇ ಚುಕ್ಕಿಗೆ ಇಡಿ. ತಾನಾಗಿ ಆರಿಸಲು ಬಿಟ್ಟರೆ ಅದು ಮುಂದಿನ ಎಲೆಯನ್ನೇ ಹಿಡಿಯುತ್ತದೆ. ಹಿಂದೆ ಆಕಾಶ ಇದ್ದರೆ ಬೆಳಕಿನ ಹೊಂದಾಣಿಕೆಯನ್ನು +1 ಮಾಡಿ. ಹಕ್ಕಿ ಕೂತೇ ಇದ್ದರೆ ಶಟರ್ ವೇಗ 1/500 ಸಾಕು. ಫೋನಾದರೆ ಹಕ್ಕಿಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಕಟ್ಟಿಹಾಕಿ. ಪೂರ್ತಿ ಜೂಮ್ ಮಾಡಬೇಡಿ. ಅರ್ಧ ಜೂಮಿನಲ್ಲಿ ಕೊಂಬೆ, ಬಾಲ ಎರಡೂ ಚಿತ್ರದೊಳಗೆ ಉಳಿಯುತ್ತವೆ.

ಒಂದು ನಿಮಿಷ ಕಾದು ಹತ್ತು ಹದಿನೈದು ಚಿತ್ರ ತೆಗೆಯಿರಿ. ಹಕ್ಕಿ ತಲೆ ತಿರುಗಿಸಿದಾಗ ಒಂದಾದರೂ ಪಕ್ಕದ ನೋಟ ಸಿಗುತ್ತದೆ. ತಲೆ ತಿರುಗಿಸಲಿ ಅಂತ ಅದರ ಕೂಗನ್ನು ಫೋನಿನಲ್ಲಿ ಹಾಕಬೇಡಿ. ಬೇಸಿಗೆಯಲ್ಲಿ ಗೂಡಿರುತ್ತದೆ, ಹಕ್ಕಿ ತನ್ನ ಜಾಗಕ್ಕೆ ಬೇರೆ ಯಾರೋ ಬಂದರು ಅಂತ ಗೂಡು ಬಿಟ್ಟು ಹುಡುಕಾಡುತ್ತದೆ.

## ಹಂತ 2: ಕತ್ತರಿಸುವ ಮೊದಲು ಇಡೀ ಚಿತ್ರ ನೋಡಿ, ಬಾಲ ಹುಡುಕಿ

ಮನೆಗೆ ಬಂದು ಮೊದಲು ಮಾಡುವ ಕೆಲಸ ಇದು. ಫೋಟೋವನ್ನು ದೊಡ್ಡದು ಮಾಡಬೇಡಿ. ಹಕ್ಕಿ ಕೂತ ಕೊಂಬೆ ಯಾವುದು, ಯಾವ ಕಡೆಗೆ ಓಡುತ್ತದೆ ಅಂತ ಮೊದಲು ಗುರುತಿಸಿ. ಆಮೇಲೆ ಆ ಕೊಂಬೆಯ ಕೆಳಗೆ, ಹಕ್ಕಿಯ ಮೈಯಿಂದ ಒಂದು ಮೈಯಷ್ಟು ದೂರದವರೆಗೆ ಕಣ್ಣು ಹಾಯಿಸಿ. ಸಪೂರಾದ, ತುದಿಗೆ ಹೋಗುತ್ತಾ ಇನ್ನೂ ಸಪೂರಾಗುವ ಗೆರೆ ಏನಾದರೂ ಇದೆಯಾ? ಎಲೆಗಳ ನಡುವೆ ಅದು ತುಂಡು ತುಂಡಾಗಿ ಕಾಣಬಹುದು. ಮೇಲೊಂದು ತುಂಡು, ಎಲೆ, ಆಮೇಲೆ ಕೆಳಗೊಂದು ತುಂಡು. ತುಂಡುಗಳು ಒಂದೇ ಸಾಲಿನಲ್ಲಿದ್ದು, ಆ ಸಾಲನ್ನು ಮೇಲಕ್ಕೆ ಎಳೆದರೆ ಹಕ್ಕಿಯ ಬೆನ್ನಿಗೆ ಸೇರಿದರೆ ಅದು ಬಾಲ. ಉದ್ದ ಬಾಲ ಇದ್ದರೆ ಗಿಳಿ. ತುದಿ ಬೆಳ್ಳಗಿದ್ದರೆ ಬಹುತೇಕ ಕೆಂದಲೆ ಗಿಳಿ.

ಇಲ್ಲಿ ಮೋಸ ಮಾಡುವುದು ಎಲೆಯ ತೊಟ್ಟು. ಹಾಲುವಾಣದ ತೊಟ್ಟು ಉದ್ದ, ಹಸಿರು, ನೇರವಾಗಿ ಇಳಿಬಿದ್ದಿರುತ್ತದೆ. ತುದಿಯಲ್ಲಿ ಎಲೆ ಇದೆಯಾ ನೋಡಿ. ಇನ್ನೊಂದು ಚಿತ್ರದಲ್ಲಿ ಹಕ್ಕಿ ಸರಿದಾಗ ಆ ಗೆರೆಯೂ ಸರಿಯಿತಾ ನೋಡಿ. ಸರಿಯದಿದ್ದರೆ ಅದು ಮರದ್ದು.

ಬಾಲ ಕಾಣಲಿಲ್ಲ ಅಂದರೆ ಕುಟ್ರುಹಕ್ಕಿ ಅಂತ ಬರೆಯಬೇಡಿ. ಕಾಣದ ಬಾಲ ಬೇರೆ, ಇಲ್ಲದ ಬಾಲ ಬೇರೆ. ಗೂಡು ಬಿಟ್ಟು ಹೊಸದಾಗಿ ಹೊರಬಂದ ಗಿಳಿಮರಿಯ ಬಾಲ ಗಿಡ್ಡ. ಪುಕ್ಕ ಉದುರಿಸಿಕೊಂಡ ದೊಡ್ಡ ಗಿಳಿಗೂ ಬಾಲ ಮೊಂಡಾಗಿರಬಹುದು. ಚಿಟ್ಟುಗಿಳಿಗಂತೂ ಯಾವಾಗಲೂ ಗಿಡ್ಡ ಬಾಲವೇ. ಬಾಲ ಕಂಡರೆ ಕೆಲಸ ಮುಗಿಯಿತು, ಕಾಣದಿದ್ದರೆ ಮುಂದಿನ ಹಂತಕ್ಕೆ ಹೋಗಿ, ಅಷ್ಟೇ.

## ಹಂತ 3: ಬೆನ್ನಿನ ಗೆರೆ ನೋಡಿ

ಈಗ ಸ್ವಲ್ಪ ದೊಡ್ಡದು ಮಾಡಿ. ಕೊಕ್ಕಿಗೆ ಹೋಗುವ ಮೊದಲು ಕೂತ ಭಂಗಿ ನೋಡಿ. ನೆತ್ತಿಯಿಂದ ಬಾಲದ ಬುಡದವರೆಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ.

ಕುಟ್ರುಹಕ್ಕಿ ಕೂರುವುದು ನೆಟ್ಟಗೆ, ಭಾರವಾಗಿ. ದೊಡ್ಡ ತಲೆ, ಕುತ್ತಿಗೆ ಇಲ್ಲವೇ ಇಲ್ಲ ಅನ್ನುವ ಹಾಗೆ ಮೈಗೆ ಅಂಟಿಕೊಂಡಿರುತ್ತದೆ. ಹೊಟ್ಟೆ ಕೊಂಬೆಯ ಹತ್ತಿರ ಇಳಿದಿರುತ್ತದೆ. ಗಿಡ್ಡ ಬಾಲ ಬೆನ್ನಿನ ಗೆರೆಯಲ್ಲೇ ಮುಗಿದುಹೋಗುತ್ತದೆ. ದೂರದಿಂದ ನೋಡಿದರೆ ಕೊಂಬೆಯ ಮೇಲೆ ಯಾರೋ ಗುಂಡುಕಲ್ಲು ಇಟ್ಟ ಹಾಗಿರುತ್ತದೆ.

ಗಿಳಿ ಹಾಗೆ ಸುಮ್ನೆ ಕೂರುವುದು ವಿಶ್ರಾಂತಿಗೆ ಮಾತ್ರ. ತಿನ್ನುವಾಗ ಅದು ಮುಂದಕ್ಕೆ ಬಾಗಿರುತ್ತದೆ, ಕೊಂಬೆಯ ಉದ್ದಕ್ಕೂ ಓರೆಯಾಗಿ ನಡೆಯುತ್ತಿರುತ್ತದೆ, ಇಲ್ಲವೇ ತಲೆಕೆಳಗಾಗಿ ಜೋತುಬಿದ್ದಿರುತ್ತದೆ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗಲು ಕೊಕ್ಕನ್ನೇ ಮೂರನೇ ಕಾಲಿನ ಹಾಗೆ ಬಳಸುತ್ತದೆ. ಕೊಕ್ಕಿನಿಂದ ರೆಂಬೆ ಕಚ್ಚಿ ಹಿಡಿದು ಮೈ ಎಳೆದುಕೊಳ್ಳುವುದು ಫೋಟೋದಲ್ಲಿ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ. ಒಂದು ಕಾಲಿನಲ್ಲಿ ಹಣ್ಣೋ ಕಾಯೋ ಎತ್ತಿ ಹಿಡಿದು ತಿನ್ನುತ್ತಿದ್ದರೂ ಅಷ್ಟೇ, ಗಿಳಿ. ಕುಟ್ರುಹಕ್ಕಿ ಕಾಲನ್ನು ಕೈ ಮಾಡಿಕೊಳ್ಳುವುದಿಲ್ಲ. ಬಸರಿ, ಅತ್ತಿಯ ಸಣ್ಣ ಹಣ್ಣಾದರೆ ಕೊಕ್ಕಿನಲ್ಲೇ ಕಿತ್ತು ಇಡಿಯಾಗಿ ನುಂಗುತ್ತದೆ, ದೊಡ್ಡ ಹಣ್ಣಾದರೆ ಕುಕ್ಕಿ ತಿನ್ನುತ್ತದೆ.

ಬೆರಳು ನೋಡಿ ಹೇಳುತ್ತೇನೆ ಅನ್ನುವವರಿಗೆ ಒಂದು ಮಾತು. ಎರಡೂ ಹಕ್ಕಿಗಳಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ಬೆರಳಿನಿಂದ ಏನೂ ಬೇರೆ ಮಾಡಲಾಗದು. ಮರವೂ ಸಾಕ್ಷಿಯಲ್ಲ. ಬಸರಿ ಹಣ್ಣಿಗೆ ಎರಡೂ ಬರುತ್ತವೆ, ಹಾಲುವಾಣ ಹೂ ಬಿಟ್ಟಾಗ ಮಕರಂದಕ್ಕೂ ಎರಡೂ ಬರುತ್ತವೆ.

ಭಂಗಿಗೆ ಇನ್ನೊಂದು ಒಳ್ಳೆಯ ಸಾಕ್ಷಿ ಫೋಟೋದ ಸಮಯ. ಮೊದಲ ಮತ್ತು ಕೊನೆಯ ಚಿತ್ರದ ಸಮಯ ನೋಡಿ. ಮೂರು ನಾಲ್ಕು ನಿಮಿಷ ಕಳೆದರೂ ಹಕ್ಕಿ ಅದೇ ಜಾಗದಲ್ಲಿ, ಅದೇ ಕೋನದಲ್ಲಿ, ತಲೆ ಮಾತ್ರ ಆಚೆ ಈಚೆ ಆಗಿದ್ದರೆ ನಾನು ಕುಟ್ರುಹಕ್ಕಿಯ ಕಡೆ ವಾಲುತ್ತೇನೆ. ಇದು ತೀರ್ಪಲ್ಲ, ವಾಲುವುದು ಮಾತ್ರ.

## ಹಂತ 4: ಕೊಕ್ಕಿನ ಬಾಯಿಗೆರೆ ಅಳೆಯಿರಿ

ಈಗ ಪೂರ್ತಿ ದೊಡ್ಡದು ಮಾಡಿ. ನೇರವಾಗಿ ಕೊಕ್ಕು ಹುಡುಕಬೇಡಿ, ಮೊದಲು ಕಣ್ಣು ಹುಡುಕಿ. ಕಣ್ಣಿನಿಂದ ಮುಂದಕ್ಕೆ ಬಂದರೆ ಕೊಕ್ಕಿನ ಬುಡ ಸಿಗುತ್ತದೆ. ಹೀಗೆ ಬಂದರೆ ಒಣಗಿದ ಎಲೆಯ ತುದಿಯನ್ನು ಕೊಕ್ಕು ಅಂದುಕೊಳ್ಳುವ ತಪ್ಪು ಆಗುವುದಿಲ್ಲ.

ಮೇಲ್ಕೊಕ್ಕು ಮತ್ತು ಕೆಳಕೊಕ್ಕು ಸೇರುವ ಗೆರೆಯನ್ನು ನಾನು ಬಾಯಿಗೆರೆ ಅನ್ನುತ್ತೇನೆ. ಕಾಗದದ ನೆಟ್ಟಗಿನ ಅಂಚನ್ನು ಪರದೆಯ ಮೇಲೆ ಈ ಗೆರೆಗೆ ತಾಗಿಸಿ ಇಡಿ.

ಕುಟ್ರುಹಕ್ಕಿಯಲ್ಲಿ ಬಾಯಿಗೆರೆ ಹೆಚ್ಚುಕಡಿಮೆ ಕಾಗದದ ಅಂಚಿನ ಜೊತೆಗೇ ಓಡುತ್ತದೆ, ಕೊಕ್ಕಿನ ತುದಿಯವರೆಗೂ. ಮೇಲ್ಕೊಕ್ಕಿನ ಬೆನ್ನು ಸ್ವಲ್ಪ ಬಾಗಿದ್ದರೂ ಬಾಯಿಗೆರೆ ನೇರ. ಕೆಳಕೊಕ್ಕು ಮೇಲಿನದರಷ್ಟೇ ಉದ್ದ ಅನ್ನಬಹುದು. ಇಡೀ ಕೊಕ್ಕು ದಪ್ಪ ಬುಡದ, ಚೂಪು ತುದಿಯ ಗೂಟದ ಹಾಗೆ ಮುಖದಿಂದ ಮುಂದಕ್ಕೆ ಚಾಚಿರುತ್ತದೆ. ಚಿತ್ರ ಸ್ಪಷ್ಟವಾಗಿದ್ದರೆ ಬುಡದಲ್ಲಿ ಗಡ್ಡದ ಹಾಗೆ ಬಿರುಸಾದ ಕೂದಲು ಕಾಣುತ್ತವೆ. ಆ ಕೂದಲು ಕಂಡರೆ ಕುಟ್ರುಹಕ್ಕಿ ಅಂತ ಧೈರ್ಯವಾಗಿ ಬರೆಯಿರಿ. ಗಿಳಿಗೆ ಅದಿಲ್ಲ.

ಗಿಳಿಯಲ್ಲಿ ಅಂಚು ಇಡಲು ಜಾಗವೇ ಸಿಗುವುದಿಲ್ಲ. ಹಣೆ ಮುಗಿದ ಜಾಗದಿಂದಲೇ ಮೇಲ್ಕೊಕ್ಕು ಕೆಳಕ್ಕೆ ಬಾಗಲು ಶುರುವಾಗುತ್ತದೆ. ಹಣೆಯ ಗುಂಡು, ಕೊಕ್ಕಿನ ಗುಂಡು ಸೇರಿ ಒಂದೇ ಕಮಾನು. ತುದಿ ಮುಂದಕ್ಕಲ್ಲ, ಎದೆಯ ಕಡೆಗೆ ತೋರಿಸುತ್ತದೆ. ಕೆಳಕೊಕ್ಕು ಗಿಡ್ಡ, ಬಟ್ಟಲಿನ ಹಾಗೆ, ಮೇಲ್ಕೊಕ್ಕಿನ ಅಡಿಯಲ್ಲಿ ಅಡಗಿರುತ್ತದೆ. ಬಾಯಿಗೆರೆ ತುಸು ದೂರ ಕಂಡು ಕೆಳಕ್ಕೆ ಬಾಗಿ ಮಾಯ.

### ಇದೇ ಹಂತದಲ್ಲಿ ಫೋಟೋ ಸುಳ್ಳು ಹೇಳುವ ಮೂರು ಸಂದರ್ಭ

ಮೊದಲನೆಯದು ಕೂಗುವ ಕುಟ್ರುಹಕ್ಕಿ. ಕೂಗುವಾಗ ಅದು ಗಂಟಲು ಉಬ್ಬಿಸಿಕೊಂಡು ತಲೆ ಆಡಿಸುತ್ತದೆ. ಕಂಚುಗಾರ ಕುಟ್ರುಹಕ್ಕಿಯಂತೂ ಕೊಕ್ಕು ಮುಚ್ಚಿಕೊಂಡೇ "ಟಂಕ್ ಟಂಕ್" ಅಂತ ಪ್ರತಿ ಬಡಿತಕ್ಕೂ ತಲೆ ಬಾಗಿಸುತ್ತದೆ. ಆ ಕ್ಷಣದ ಚಿತ್ರದಲ್ಲಿ ಕೊಕ್ಕು ಕೆಳಗೆ ತೋರಿಸುತ್ತದೆ, ಉಬ್ಬಿದ ಗಂಟಲು ಬುಡವನ್ನು ಮುಚ್ಚುತ್ತದೆ, ನೋಡಲು ಥೇಟ್ ಗಿಳಿ. ಬಾಗಿರುವುದು ತಲೆಯೋ ಕೊಕ್ಕೋ ಅಂತ ಕೇಳಿಕೊಳ್ಳಿ. ಅಂಚು ಇಟ್ಟು ನೋಡಿ. ಗೆರೆ ಓರೆಯಾಗಿದ್ದರೂ ನೇರವಾಗಿದ್ದರೆ ಅದು ಬಾಗಿದ ತಲೆ.

ಎರಡನೆಯದು ಎದುರಿನಿಂದ ತೆಗೆದ ಚಿತ್ರ. ಹಕ್ಕಿ ನಿಮ್ಮನ್ನೇ ನೋಡುತ್ತಿರುತ್ತದೆ, ಕೊಕ್ಕು ಮೊಟಕಾಗಿ ಕಾಣುತ್ತದೆ. ಆಗ ಅಗಲ ಮತ್ತು ಎತ್ತರ ಹೋಲಿಸಿ. ಕುಟ್ರುಹಕ್ಕಿಯ ಕೊಕ್ಕು ಎದುರಿನಿಂದ ಅಗಲ ಬುಡದ ತ್ರಿಕೋನ, ಬಾಯಿಗೆರೆ ಅಡ್ಡಕ್ಕೆ ಮುಖದ ಎರಡೂ ಬದಿಗೆ ಹೋಗಿರುತ್ತದೆ. ಗಿಳಿಯ ಕೊಕ್ಕು ಅಗಲಕ್ಕಿಂತ ಉದ್ದ, ಮುಖದ ನಡುವೆ ಮೇಲಿಂದ ಕೆಳಕ್ಕೆ ಇಳಿದು ತುದಿ ಗಂಟಲಿನ ಪುಕ್ಕದಲ್ಲಿ ಮುಳುಗಿರುತ್ತದೆ. ಚಿತ್ರ ಸಣ್ಣದಾಗಿದ್ದರೆ ಇದೂ ಗೊತ್ತಾಗುವುದಿಲ್ಲ. ಅಂಥ ಚಿತ್ರ ಬಿಟ್ಟುಬಿಡಿ, ಮುಂದಿನದು ನೋಡಿ.

ಮೂರನೆಯದು ಕೊಕ್ಕಿನಲ್ಲಿ ಹಣ್ಣು. ಚೂಪು ತುದಿಯಲ್ಲಿ ಗುಂಡು ಹಣ್ಣು ಸಿಕ್ಕಿಸಿಕೊಂಡರೆ ಕೊಕ್ಕು ಗುಂಡಾಗಿಯೇ ಕಾಣುತ್ತದೆ. ಹಣ್ಣು ನುಂಗಿದ ಮೇಲಿನ ಚಿತ್ರ ಬೇಕು. ನುಂಗುವ ಮೊದಲೇ ಹಾರಿಹೋಯಿತು ಅಂದರೆ ಆ ಫೋಟೋದ ಕೊಕ್ಕನ್ನು ಲೆಕ್ಕಕ್ಕೆ ತಗೋಬೇಡಿ.

## ಹಂತ 5: ಬಣ್ಣ, ಈಗ ಮಾತ್ರ

ಎಲೆಯ ಮೂಲಕ ಸೋಸಿ ಬಂದ ಬೆಳಕು ಎಲ್ಲವನ್ನೂ ಹಸಿರು ಮಾಡುತ್ತದೆ. ಬೂದು ಬಣ್ಣ ಕಂದಾಗುತ್ತದೆ, ಕಂದು ಹಸಿರಾಗುತ್ತದೆ. ಆದ್ದರಿಂದ ಬಣ್ಣವನ್ನು ಮೇಲಿನ ಹಂತಗಳ ತೀರ್ಪನ್ನು ಪಕ್ಕಾ ಮಾಡಿಕೊಳ್ಳಲು ಮಾತ್ರ ಬಳಸಿ, ತಿರುಗಿಸಲು ಬಳಸಬೇಡಿ.

"ಕೊಕ್ಕು ಕೆಂಪು, ಹಾಗಾಗಿ ಗಿಳಿ" ಅನ್ನುವುದು ದೊಡ್ಡ ಗುಂಡಿ. ಕಂದುತಲೆಯ ಕುಟ್ರುಹಕ್ಕಿಯ ಕೊಕ್ಕು ಕಿತ್ತಳೆ ಕೆಂಪು, ಕಣ್ಣಿನ ಸುತ್ತಲಿನ ಬೋಳು ಚರ್ಮವೂ ಕಿತ್ತಳೆ. ಬಿಸಿಲು ಬಿದ್ದರೆ ಅಚ್ಚ ಕೆಂಪಾಗಿಯೇ ಬರುತ್ತದೆ. "ಕೊಕ್ಕು ಕಪ್ಪು, ಹಾಗಾಗಿ ಗಿಳಿಯಲ್ಲ" ಅನ್ನುವುದೂ ತಪ್ಪು. ನೀಲಿರೆಕ್ಕೆ ಗಿಳಿಯ ಹೆಣ್ಣಿಗೆ ಕಪ್ಪು ಕೊಕ್ಕು. "ಕೊರಳಪಟ್ಟಿ ಇಲ್ಲ, ಹಾಗಾಗಿ ಕುಟ್ರು" ಅನ್ನುವುದಂತೂ ಬೇಡವೇ ಬೇಡ. ಮಾಮೂಲಿ ಗಿಳಿಯ ಹೆಣ್ಣಿಗೆ, ಮರಿಗೆ ಕಪ್ಪು ಗುಲಾಬಿ ಪಟ್ಟಿ ಇರುವುದಿಲ್ಲ. ತಲೆಯ ಬಣ್ಣವೂ ಕೈಕೊಡುತ್ತದೆ. ಕೆಂದಲೆ ಗಿಳಿಯ ಹೆಣ್ಣಿನ ಬೂದು ತಲೆ ನೆರಳಿನಲ್ಲಿ ಕಂದುತಲೆಯ ಹಾಗೆ ಕಂಡು ಕುಟ್ರುಹಕ್ಕಿಯ ಲೆಕ್ಕಕ್ಕೆ ಹೋಗಿಬಿಡುತ್ತದೆ.

ನಂಬಬಹುದಾದದ್ದು ಬಣ್ಣವಲ್ಲ, ಗೆರೆ. ಬಿಳಿಕೆನ್ನೆಯ ಕುಟ್ರುಹಕ್ಕಿಗೆ ಕಣ್ಣಿನ ಮೇಲೆ ಒಂದು, ಕೆಳಗೆ ಒಂದು ಅಗಲವಾದ ಬಿಳಿ ಪಟ್ಟಿ, ಎದೆಯ ಮೇಲೆ ಕಂದು ಬಿಳಿ ಗೀರುಗಳು. ಕಂದುತಲೆಯದಕ್ಕೆ ಬಿಳಿ ಪಟ್ಟಿ ಇಲ್ಲ, ತಲೆ ಎದೆ ತುಂಬ ಸಣ್ಣ ಗೀರು. ಗಿಳಿಗಳ ಎದೆ ನಯ, ಗೀರಿಲ್ಲ. ಎಲೆಯ ನೆರಳು ಎದೆಯ ಮೇಲೆ ಬಿದ್ದರೆ ಗೀರಿನ ಹಾಗೆ ಕಾಣುತ್ತದೆ ನಿಜ. ಆದರೆ ನೆರಳು ಪಕ್ಕದ ಕೊಂಬೆಯ ಮೇಲೂ ಬಿದ್ದಿರುತ್ತದೆ, ಗೀರು ಕುತ್ತಿಗೆಯಿಂದ ಹೊಟ್ಟೆಯ ಕಡೆಗೆ ಮಾತ್ರ ಓಡುತ್ತದೆ.

## ಒಂದು ಉದಾಹರಣೆ: ಹಾಸನದ ಹೊರವಲಯದ ಬಸರಿ ಮರ

ನನ್ನ ಅಕ್ಕನ ಮಗ ಐದು ಚಿತ್ರ ಕಳಿಸಿದ. "ಮಾವ, ಕೆಂಪು ಕೊಕ್ಕು, ಹಸಿರು ಮೈ. ಗಿಳಿನೇ ಅಲ್ವಾ?" ಅಂತ ಕೇಳಿದ. ಮೊದಲು ಕತ್ತರಿಸಿದ ಒಂದೇ ಚಿತ್ರ ಕಳಿಸಿದ್ದ. ಉಳಿದದ್ದೂ ಕಳಿಸು, ಕತ್ತರಿಸಬೇಡ ಅಂದೆ.

ಮೊದಲನೇ ಚಿತ್ರ ಬೆಳಗ್ಗೆ 7:12ರದು. ಹಕ್ಕಿಯ ಕೆಳಗೆ ಉದ್ದನೆಯ ಗೆರೆ ಒಂದಿತ್ತು. ಅವನು ಬಾಲ ಅಂದುಕೊಂಡಿದ್ದು ಅದನ್ನೇ. ಎರಡನೇ ಚಿತ್ರದಲ್ಲಿ ಹಕ್ಕಿ ಒಂದು ಗೇಣು ಎಡಕ್ಕೆ ಸರಿದಿತ್ತು, ಗೆರೆ ಇದ್ದಲ್ಲೇ ಇತ್ತು. ಒಣ ರೆಂಬೆ. ಹಾಗಾಗಿ ಬಾಲದ ಬಗ್ಗೆ ನಮ್ಮ ಕೈಯಲ್ಲಿ ಏನೂ ಉಳಿಯಲಿಲ್ಲ.

ಭಂಗಿ ನೋಡಿದೆವು. ಎರಡನೇ ಚಿತ್ರದಿಂದ ಐದನೆಯದರವರೆಗೆ, 7:12ರಿಂದ 7:15ರವರೆಗೆ, ಹಕ್ಕಿ ಅದೇ ಜಾಗದಲ್ಲಿ ನೆಟ್ಟಗೆ ಕೂತಿತ್ತು. ಸುತ್ತ ಹಣ್ಣಿದ್ದರೂ ಕಾಲು ಎತ್ತಿರಲಿಲ್ಲ. ನಾನು ಕುಟ್ರು ಕಡೆ ವಾಲಿದೆ. ಅವನು ಒಪ್ಪಲಿಲ್ಲ. "ಗಿಳಿ ಸುಮ್ನೆ ಕೂರಲ್ವಾ ಮಾವ?" ಅಂದ. ಕೂರುತ್ತದೆ, ಅವನು ಹೇಳಿದ್ದು ಸರಿ.

ಮೂರನೇ ಚಿತ್ರದಲ್ಲಿ ಕೊಕ್ಕು ದುಂಡಗೆ, ಕೆಂಪಗೆ. ಅವನ ಗಿಳಿ ಹುಟ್ಟಿದ್ದು ಇದರಲ್ಲೇ. ಆದರೆ ದೊಡ್ಡದು ಮಾಡಿದಾಗ ಆ ದುಂಡಿನ ಅಂಚಿನಲ್ಲಿ ಸಣ್ಣ ತೊಟ್ಟಿನ ಗುರುತಿತ್ತು. ಅದು ಬಸರಿ ಹಣ್ಣು. ನಾಲ್ಕನೇ ಚಿತ್ರದಲ್ಲಿ ಹಣ್ಣು ಇಲ್ಲ, ಗಂಟಲು ಸ್ವಲ್ಪ ಉಬ್ಬಿದೆ, ಮುಖ ಎದುರಿಗಿದೆ. ಐದನೆಯದು ಮಸುಕು, ಅವನು ಅಳಿಸಬೇಕು ಅಂತಿದ್ದ ಚಿತ್ರ. ಅದರಲ್ಲೇ ಮುಖ ಪಕ್ಕಕ್ಕೆ ತಿರುಗಿ ಹಿಂದೆ ಆಕಾಶ ಬಂದಿತ್ತು. ಕಾಗದದ ಅಂಚು ಇಟ್ಟೆ. ಬಾಯಿಗೆರೆ ತುದಿಯವರೆಗೂ ನೇರ. ಕೆಳಕೊಕ್ಕು ಮೇಲಿನದರಷ್ಟೇ ಉದ್ದ.

ಕುಟ್ರುಹಕ್ಕಿ ಅಂತ ಆದಮೇಲೆ ಯಾವುದು ಅಂತ ನೋಡಿದೆವು. ಕೊಕ್ಕಿನ ಕಿತ್ತಳೆ ಬಣ್ಣ ಕಣ್ಣಿನ ಸುತ್ತಲಿನ ಚರ್ಮಕ್ಕೂ ಹರಡಿತ್ತು, ಕೆನ್ನೆಯಲ್ಲಿ ಬಿಳಿ ಪಟ್ಟಿ ಇರಲಿಲ್ಲ. ಕಂದುತಲೆಯ ಕುಟ್ರುಹಕ್ಕಿ. ಅವನನ್ನು ದಾರಿ ತಪ್ಪಿಸಿದ ಕೆಂಪೇ ಕೊನೆಗೆ ಜಾತಿ ಹೇಳಿಕೊಟ್ಟಿತು.

## ಹಂತ 6: ಚಿಟ್ಟುಗಿಳಿಗೆ ಬೇರೆ ಪರೀಕ್ಷೆ

ಹಕ್ಕಿ ಗುಬ್ಬಿಗಾತ್ರದ್ದು ಅನಿಸಿದರೆ ಹಂತ 2 ಬಿಟ್ಟುಬಿಡಿ. ಚಿಟ್ಟುಗಿಳಿ ಸುಮಾರು 14 ಸೆಂ.ಮೀ., ಕಂಚುಗಾರ ಕುಟ್ರುಹಕ್ಕಿ ಅದಕ್ಕಿಂತ ತುಸು ದೊಡ್ಡದು. ಇಬ್ಬರಿಗೂ ಗಿಡ್ಡ ಬಾಲ, ಇಬ್ಬರಿಗೂ ಹಸಿರು ಬೆನ್ನು. ಇಲ್ಲಿ ಭಂಗಿಯೇ ಮೊದಲು. ಕಂಚುಗಾರ ಕುಟ್ರುಹಕ್ಕಿ ಬೆಳಗಿನ ಬಿಸಿಲಿಗೆ ಎಲೆಯಿಲ್ಲದ ತುದಿಕೊಂಬೆಯಲ್ಲಿ ನೆಟ್ಟಗೆ ಕೂರುತ್ತದೆ. ಚಿಟ್ಟುಗಿಳಿ ಹೂವಿನ ಗೊಂಚಲಿಗೆ ತಲೆಕೆಳಗಾಗಿ ನೇತಾಡುತ್ತದೆ, ನಿದ್ದೆ ಮಾಡುವುದೂ ಬಾವಲಿಯ ಹಾಗೆ ನೇತಾಡಿಕೊಂಡೇ. ಕೊಕ್ಕು ಸಣ್ಣದಾದ್ದರಿಂದ ಬಾಯಿಗೆರೆ ಸಿಗುವುದಿಲ್ಲ. ಅದರ ಬದಲು ಕೊಕ್ಕು ಮುಖದಿಂದ ಎದ್ದು ಕಾಣುತ್ತದಾ ಇಲ್ಲವಾ ಅಂತ ಮಾತ್ರ ಕೇಳಿ. ಕಂಚುಗಾರನ ಕಪ್ಪು ಗೂಟ ಎದ್ದು ಕಾಣುತ್ತದೆ, ಚಿಟ್ಟುಗಿಳಿಯ ಪುಟ್ಟ ಕೊಕ್ಕು ಮುಖದ ದುಂಡಿನಲ್ಲೇ ಸೇರಿಹೋಗುತ್ತದೆ. ಬೆನ್ನಿನ ಕೆಳಗೆ, ಬಾಲದ ಬುಡದಲ್ಲಿ ಕೆಂಪು ಕಂಡರೆ ಚಿಟ್ಟುಗಿಳಿ. ಹಣೆಯಲ್ಲಿ, ಎದೆಯಲ್ಲಿ ಕೆಂಪು ಕಂಡರೆ ಕುಟ್ರುಹಕ್ಕಿ.

## ಹಂತ 7: ನಿಲ್ಲಿಸಬೇಕಾದ ಸೂಚನೆಗಳು

ಕೊಕ್ಕು ಸಪೂರಾಗಿ, ಸೂಜಿಯ ಹಾಗೆ ಅಥವಾ ಸ್ವಲ್ಪ ಬಾಗಿ ಕಂಡರೆ ಇವೆರಡರಲ್ಲಿ ಯಾವುದೂ ಅಲ್ಲ. ಎಲೆಹಕ್ಕಿಯೋ, ಪತ್ರಂಗವೋ ಇರಬೇಕು. ಸಣ್ಣ ತಲೆ, ತುಂಬಿದ ಎದೆ, ಮೆತ್ತಗಿನ ಗಿಡ್ಡ ಕೊಕ್ಕು ಇದ್ದರೆ ಹಸಿರು ಪಾರಿವಾಳ. ಅದೂ ಬಸರಿ ಹಣ್ಣಿಗೆ ಬರುತ್ತದೆ.

ಕೊಕ್ಕು ಒಂದು ಹೇಳಿ ಭಂಗಿ ಇನ್ನೊಂದು ಹೇಳಿದರೆ ಎರಡು ಬೇರೆ ಹಕ್ಕಿ ಚಿತ್ರದಲ್ಲಿರಬಹುದು. ಹಣ್ಣಿನ ಮರದಲ್ಲಿ ಇದು ಅಪರೂಪವಲ್ಲ. ಒಂದರ ತಲೆ, ಇನ್ನೊಂದರ ಬಾಲ ಎಲೆಗಳ ನಡುವೆ ಸೇರಿ ಒಂದೇ ಹಕ್ಕಿಯಾಗಿಬಿಟ್ಟಿರುತ್ತವೆ. ಬೆನ್ನಿನ ಗೆರೆ ತಲೆಯಿಂದ ಬಾಲದವರೆಗೆ ಮುರಿಯದೆ ಬರುತ್ತದಾ ಅಂತ ಮತ್ತೆ ನೋಡಿ.

ಇನ್ನು ಪೊಟರೆಯಿಂದ ತಲೆ ಮಾತ್ರ ಹೊರಗೆ ಹಾಕಿದ ಹಕ್ಕಿ. ಕುಟ್ರುಹಕ್ಕಿ ಒಣಗಿದ, ಮೆತ್ತಗಾದ ಕೊಂಬೆಯಲ್ಲಿ ತಾನೇ ಪೊಟರೆ ಕೊರೆಯುತ್ತದೆ. ಗಿಳಿ ಸಾಮಾನ್ಯವಾಗಿ ಇದ್ದ ಪೊಟರೆಯನ್ನೇ ಹಿಡಿಯುತ್ತದೆ, ಅದು ಹಳೆಯ ಕುಟ್ರು ಪೊಟರೆಯೂ ಆಗಿರಬಹುದು. ಆದ್ದರಿಂದ ಹೋದ ವರ್ಷ ಕುಟ್ರು ಇದ್ದ ತೂತು ಅಂತ ಈ ವರ್ಷವೂ ಅದೇ ಹೆಸರು ಬರೆಯಬೇಡಿ. ಇಲ್ಲಿ ಬಾಲವೂ ಇಲ್ಲ, ಭಂಗಿಯೂ ಇಲ್ಲ, ಮುಖ ಎದುರಿಗೇ ಇರುತ್ತದೆ. ದೂರದಲ್ಲೇ ನಿಂತು, ಅದು ತಲೆ ಪಕ್ಕಕ್ಕೆ ತಿರುಗಿಸುವವರೆಗೆ ಕಾಯಬೇಕು. ಹತ್ತು ನಿಮಿಷದಲ್ಲಿ ತಿರುಗಿಸಲಿಲ್ಲ, ಅಥವಾ ನಿಮ್ಮನ್ನು ಕಂಡು ಒಳಕ್ಕೆ ಎಳೆದುಕೊಂಡಿತು ಅಂದರೆ ಅಲ್ಲಿಂದ ಹೊರಡಿ. ಕಡತಕ್ಕೆ "ಹಸಿರು, ಪೊಟರೆಯಲ್ಲಿ, ಕೊಕ್ಕು ಕಾಣಲಿಲ್ಲ" ಅಂತ ಹೆಸರಿಡಿ. ನನ್ನ ಬಳಿ ಅಂಥವು ಹನ್ನೊಂದಿವೆ.